ಮೂರು ಲೀಟರ್ ನೀರು, ಏಳು ಸೆಕೆಂಡು

ಸಿಂಕ್ ಪೈಪ್ ಕ್ಲೀನ್ ಮಾಡುವ ಲಿಕ್ವಿಡ್ ತಯಾರಿಸುವವರೊಬ್ಬರು ವಿಡಿಯೋ ಜಾಹೀರಾತು ಬರೆಸಲು ದಾವಣಗೆರೆಯಲ್ಲಿ ನನ್ನ ಹತ್ತಿರ ಬಂದಾಗ ಕೇಳಿದ್ದು ಒಂದೇ ಮಾತು. "ಅಣ್ಣ, ಸುರಿದ ಮೂರು ಸೆಕೆಂಡಿಗೆ ನೀರು ಹೋಗ್ಬೇಕು, ಹಂಗ್ ಬರೀರಿ." ಬಾಟಲಿ ತಿರುಗಿಸಿ ಓದಿದೆ. ನಿಂತ ನೀರು ತೆಗೆದು ಸುರಿಯಿರಿ, ಅರ್ಧ ಗಂಟೆ ಬಿಡಿ ಅಂತ ಅದರಲ್ಲೇ ಬರೆದಿತ್ತು. ಮೂರು ಸೆಕೆಂಡಲ್ಲಿ ಆಗುತ್ತೆ ಅಂತ ತೋರಿಸಿದರೆ ಅದು ಸುಳ್ಳು. ಕೊಂಡವರು ಮನೆಯಲ್ಲಿ ಸುರಿದು ಸಿಂಕಿನ ಮುಂದೆ ಕಾದು ನಿಲ್ಲುತ್ತಾರೆ, ಆಮೇಲೆ ಆ ಬಾಟಲಿ ಮತ್ತೆ ಕೊಳ್ಳುವುದಿಲ್ಲ.

ಹಾಗಾದರೆ ಸೆಕೆಂಡುಗಳಲ್ಲಿ ಏನನ್ನು ಸಾಬೀತು ಮಾಡಬಹುದು? ಲಿಕ್ವಿಡ್‌ಗೆ ಅರ್ಧ ಗಂಟೆ ಬೇಕು, ಆದರೆ ನೀರು ಇಳಿಯುವುದಕ್ಕೆ ಸೆಕೆಂಡುಗಳು ಸಾಕು. ಇಡೀ ಸ್ಕ್ರಿಪ್ಟನ್ನು ಇದರ ಮೇಲೆ ನಿಲ್ಲಿಸಿದೆ.

ಜಾಗಕ್ಕೆ ಬೆಣ್ಣೆ ದೋಸೆ ಹೋಟೆಲ್ ಒಂದರ ತಟ್ಟೆ ತೊಳೆಯುವ ಸಿಂಕ್ ಆರಿಸಿದೆ. ಬಿಸಿ ಇರುವಾಗ ಬೆಣ್ಣೆ ಸಲೀಸಾಗಿ ಪೈಪಿಗೆ ಇಳಿಯುತ್ತೆ, ಒಳಗೆ ತಣ್ಣಗಾಗಿ ಗೋಡೆಗೆ ಅಂಟಿ ಗಟ್ಟಿಯಾಗುತ್ತೆ. ಈ ಲಿಕ್ವಿಡ್‌ನಲ್ಲಿ ಇರುವುದು ಕಾಸ್ಟಿಕ್ ಸೋಡಾ. ಅದು ಜಿಡ್ಡನ್ನು ಸಾಬೂನಿನಂತೆ ಮಾಡುತ್ತೆ, ಆಮೇಲೆ ನೀರಿಗೆ ಕೊಚ್ಚಿ ಹೋಗುತ್ತೆ. ಬಟ್ಟೆ ತುಂಡೋ ಪ್ಲಾಸ್ಟಿಕ್ಕೋ ಸಿಕ್ಕಿದ್ದರೆ ಇದು ಏನೂ ಮಾಡುವುದಿಲ್ಲ. ಅದಕ್ಕೇ ನಾವಾಗಿ ಏನಾದರೂ ತುರುಕಿ ಪೈಪ್ ಕಟ್ಟಿಸುವ ಯೋಚನೆ ಬಿಟ್ಟೆವು, ನಿಜವಾಗಿ ಜಿಡ್ಡು ಕಟ್ಟಿದ ಸಿಂಕೇ ಬೇಕಿತ್ತು.

ಮೊದಲ ಪ್ರಯೋಗ ಕ್ಯಾಮೆರಾ ಇಲ್ಲದೆ ಮಾಡಿದೆವು, ಕೈಕೊಟ್ಟಿತು. ಸಿಂಕಲ್ಲಿ ನೀರು ತುಂಬಿದ್ದಾಗಲೇ ಸುರಿದಿದ್ದೆವು, ಲಿಕ್ವಿಡ್ ಅಷ್ಟೂ ನೀರಲ್ಲಿ ತೆಳುವಾಗಿಬಿಟ್ಟಿತು. ಹಾಗಾಗಿ ಮಗ್‌ನಲ್ಲಿ ನೀರು ತೋಡುವ ಒಂದು ಶಾಟ್ ಸ್ಕ್ರಿಪ್ಟಿಗೆ ಸೇರಿತು.

ಇನ್ನೊಂದು ಪೆಟ್ಟು ಶೂಟಿಂಗಲ್ಲಿ ಬಿತ್ತು. 'ಮೊದಲು' ಅಂತ ತೋರಿಸುವ ಭಾಗ ಬೆಳಿಗ್ಗೆ, 'ಆಮೇಲೆ' ಸಂಜೆ ತೆಗೆದೆವು. ಬೆಳಿಗ್ಗೆ ಕಿಟಕಿ ಬೆಳಕು, ಸಂಜೆ ಟ್ಯೂಬ್‌ಲೈಟ್. ಎಡಿಟ್ ಮಾಡಿ ಹೋಟೆಲ್‌ನ ಅಮ್ಮನಿಗೆ ತೋರಿಸಿದರೆ, "ಇದು ಬ್ಯಾರೆ ಸಿಂಕ್ ಅಲ್ಲೇನ್ರಿ?" ಅಂದರು. ತಮ್ಮದೇ ಸಿಂಕು! ಇನ್ನು ನೋಡುವವರು ನಂಬುತ್ತಾರಾ? ಮತ್ತೆ ತೆಗೆಯೋಣ ಅಂದರೆ ಪೈಪ್ ಆಗಲೇ ತೆರೆದಿದೆ. ಪೈಪ್ ತೆರೆದ ಮೇಲೆ 'ಆಮೇಲೆ' ಎಷ್ಟು ಸಲ ಬೇಕಾದರೂ ತೆಗೆಯಬಹುದು, 'ಮೊದಲು' ಮಾತ್ರ ಮತ್ತೆ ಸಿಗುವುದಿಲ್ಲ. ಸಿಂಕ್ ಮತ್ತೆ ಕಟ್ಟಿಕೊಳ್ಳಲು ಹನ್ನೊಂದು ದಿನ ಕಾದೆವು. ಎರಡನೇ ಸಲ ಟ್ರೈಪಾಡ್ ಕಾಲಿನ ಜಾಗಕ್ಕೆ ಟೇಪ್ ಹಚ್ಚಿ, ಕಿಟಕಿ ಮುಚ್ಚಿ ಒಂದೇ ದೀಪ ಹಾಕಿ, 'ಮೊದಲು' ಆರು ಟೇಕ್ ತೆಗೆದುಕೊಂಡ ಮೇಲೆಯೇ ಬಾಟಲಿ ಮುಚ್ಚಳ ತೆಗೆಸಿದೆ.

ಸ್ಟೀಲ್ ಸಿಂಕಲ್ಲಿ ತಿಳಿ ನೀರು ಇಳಿಯುವುದು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಎರಡು ಶಾಟಲ್ಲೂ ಒಂದೊಂದು ಕರಿಬೇವಿನ ಎಲೆ ತೇಲಿಬಿಟ್ಟೆ. ಮೊದಲ ಶಾಟಲ್ಲಿ ಎಲೆ ಸುಮ್ನೆ ನಿಂತಿರುತ್ತೆ. ಎರಡನೆಯದರಲ್ಲಿ ಗಿರಗಿರ ತಿರುಗಿ ಜಾಲರಿಗೆ ಹೋಗಿ ಅಂಟುತ್ತೆ.

ಕೊನೆಗೆ ಇಪ್ಪತ್ತು ಸೆಕೆಂಡಿನ ಸ್ಕ್ರಿಪ್ಟ್ ಹೀಗಾಯಿತು. ಮೊದಲ ನಾಲ್ಕು ಸೆಕೆಂಡು ನಿಂತ ನೀರು, ಅಲುಗದ ಎಲೆ, ತಟ್ಟೆ ಹಿಡಿದು ಕಾಯುವ ಕೈ. ಯೂಟ್ಯೂಬಲ್ಲಿ ಐದು ಸೆಕೆಂಡಿಗೆ ಸ್ಕಿಪ್ ಬಟನ್ ಬರುತ್ತೆ, ಅಷ್ಟರೊಳಗೆ ತೊಂದರೆ ಕಾಣಲೇಬೇಕು, ಕಂಪನಿ ಹೆಸರಿಗೆ ಅಲ್ಲಿ ಜಾಗ ಇಲ್ಲ. ನಂತರದ ನಾಲ್ಕರಲ್ಲಿ ನೀರು ತೋಡಿ, ಗ್ಲೌಸ್ ಕನ್ನಡಕ ಹಾಕಿ ಸುರಿಯುವುದು. ಕಾಸ್ಟಿಕ್ ಚರ್ಮ, ಕಣ್ಣು ಎರಡನ್ನೂ ಸುಡುತ್ತೆ, ಬರಿಗೈಯಲ್ಲಿ ಸುರಿಯುವ ಶಾಟ್ ನಾನು ಬರೆಯುವುದಿಲ್ಲ. ಮುಂದಿನ ಎರಡು ಸೆಕೆಂಡು ಗೋಡೆ ಗಡಿಯಾರ, ಮೇಲೆ ದೊಡ್ಡ ಅಕ್ಷರದಲ್ಲಿ 'ಅರ್ಧ ಗಂಟೆ ಆದ ಮೇಲೆ'. ಇದನ್ನು ಕನ್ನಡದಲ್ಲೇ ಹಾಕಿದೆವು. ದಾರಿ ತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ತಂದ ಮಾರ್ಗಸೂಚಿ ಪ್ರಕಾರ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು.

ಆಮೇಲಿನ ಏಳು ಸೆಕೆಂಡಿಗೆ ಕಟ್ ಇಲ್ಲ, ಸಂಗೀತ ಇಲ್ಲ. ಮೊದಲು ಸುರಿದಷ್ಟೇ ಮೂರು ಲೀಟರ್ ನೀರು, ಮೂಲೆಯಲ್ಲಿ ಟೈಮರ್. ಆಗ ಎರಡು ನಿಮಿಷ ತೆಗೆದುಕೊಂಡ ನೀರು ಈಗ ಏಳು ಸೆಕೆಂಡಲ್ಲಿ ಹೋಗುತ್ತೆ. ಕೊನೆಯಲ್ಲಿ ಪೈಪ್ 'ಗೊಳಕ್' ಅನ್ನುವ ಶಬ್ದಕ್ಕೆ ಜಾಲರಿ ಪಕ್ಕದಲ್ಲೇ ಮೈಕ್ ಇಟ್ಟಿದ್ದೆ. ಉಳಿದ ಮೂರು ಸೆಕೆಂಡು ಬಾಟಲಿ, ಜೊತೆಗೆ 'ಜಿಡ್ಡಿಗೆ ಮಾತ್ರ' ಅನ್ನುವ ಸಾಲು.

ಆ ಸಾಲು ಬೇಡ ಅಂತ ಕಂಪನಿಯವರು ಹಠ ಹಿಡಿದರು. ಬಟ್ಟೆ ಸಿಕ್ಕ ಪೈಪಿಗೆ ಸುರಿದವರು ನಿಮ್ಮನ್ನೇ ಬೈಯುತ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ವಾಚ್ ಹಿಡಿದು ಆ ಏಳು ಸೆಕೆಂಡನ್ನು ಮತ್ತೊಮ್ಮೆ ಹಾಕಿಸಿ ನೋಡಿದರು. "ಇರ್ಲಿ ಬಿಡ್ರಿ" ಅಂದರು.