ಒಂದೇ ಶೀಟಿನಲ್ಲಿ ತಿಂಗಳಿಡೀ ಪೋಸ್ಟ್

ಇಳಕಲ್ ಸೀರೆ ಮಾರುವ ಅಂಗಡಿಯೊಂದು ನವೆಂಬರ್ ತಿಂಗಳಿಡೀ ದಿನಕ್ಕೊಂದರಂತೆ ಇನ್‌ಸ್ಟಾಗ್ರಾಮ್‌ನಲ್ಲಿ 30 ಪೋಸ್ಟ್ ಹಾಕಬೇಕು ಎಂದಿಟ್ಟುಕೊಳ್ಳಿ. ಶೆಡ್ಯೂಲಿಂಗ್ ಆ್ಯಪ್‌ಗೆ ಒಂದು ಶೀಟ್ ಕೊಟ್ಟರೆ ಎಲ್ಲವೂ ಒಮ್ಮೆಗೇ ಸಾಲಿಗೆ ನಿಲ್ಲುತ್ತವೆ.

ಮೊದಲು ಆ ಆ್ಯಪ್‌ನ ಮಾದರಿ ಫೈಲನ್ನೇ ಇಳಿಸಿಕೊಳ್ಳಿ. ಕಾಲಂ ಹೆಸರುಗಳನ್ನು ಒಂದಕ್ಷರವೂ ಬದಲಿಸಬೇಡಿ. ಸಾಮಾನ್ಯವಾಗಿ ಅದು ಹೀಗಿರುತ್ತದೆ:

```
Text,Image URL,Posting Time
"ಗೋಮಿ ದಡಿ, ಕೆಂಪು ಸೆರಗು",https://example.com/nov/01.jpg,2026-11-01 19:00
```

ಬರಹದೊಳಗೆ ಅಲ್ಪವಿರಾಮ ಇದ್ದುದರಿಂದಲೇ ಅದರ ಸುತ್ತ ಉದ್ಧರಣ ಚಿಹ್ನೆ ಬಂದಿದೆ. ಅದಿಲ್ಲದಿದ್ದರೆ ‘ಕೆಂಪು ಸೆರಗು’ ಚಿತ್ರದ ಕಾಲಂಗೆ ಜಾರುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಬರೆದು ಸಿಎಸ್‌ವಿಯಾಗಿ, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಫೈಲಾಗಿ ಇಳಿಸಿಕೊಂಡರೆ ಈ ಚಿಹ್ನೆ ತಾನಾಗಿಯೇ ಬೀಳುತ್ತದೆ, ಕನ್ನಡ ಅಕ್ಷರಗಳೂ ಕೆಡುವುದಿಲ್ಲ. ಎಕ್ಸೆಲ್ ಬಳಸುವವರು ಸೇವ್ ಮಾಡುವಾಗ `CSV UTF-8` ಆರಿಸಲೇಬೇಕು. ಬರೀ `CSV` ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತದೆ.

ಹೆಚ್ಚು ಜನ ಎಡವುವುದು ಚಿತ್ರದ ಲಿಂಕ್‌ನಲ್ಲಿ. ಗೂಗಲ್ ಡ್ರೈವ್‌ನ ಶೇರ್ ಲಿಂಕ್ ಚಿತ್ರವಲ್ಲ, ಚಿತ್ರ ತೋರಿಸುವ ಒಂದು ಪುಟ. ಆ್ಯಪ್‌ಗೆ ಬೇಕಿರುವುದು ಚಿತ್ರದ ಫೈಲ್. ಲಿಂಕನ್ನು ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ: ಲಾಗಿನ್ ಕೇಳದೆ, ಸುತ್ತ ಯಾವ ಬಟನ್ನೂ ಇಲ್ಲದೆ ಬರೀ ಚಿತ್ರ ಕಂಡರೆ ಅದು ಸರಿಯಾದ ಲಿಂಕ್. ಅಂಗಡಿಗೆ ಸ್ವಂತ ವೆಬ್‌ಸೈಟ್ ಇದ್ದರೆ ಚಿತ್ರಗಳನ್ನು ಅಲ್ಲಿಗೇ ಏರಿಸುವುದು ಒಳ್ಳೆಯದು. ತಿಂಗಳು ಮುಗಿಯುವವರೆಗೆ ಅಳಿಸಬೇಡಿ. ಪೋಸ್ಟ್ ಆಗುವ ಹೊತ್ತಿಗೆ ಚಿತ್ರ ಎಳೆದುಕೊಳ್ಳುವ ಆ್ಯಪ್‌ಗಳೂ ಇವೆ. ಹೊರಗಿನ ಆ್ಯಪ್‌ಗಳ ಮೂಲಕ ಹೋಗುವ ಚಿತ್ರ ಜೆಪೆಗ್ ಆಗಿದ್ದು, 8 ಎಂಬಿ ಒಳಗಿರಲಿ. ಸೀರೆಯನ್ನು ಉದ್ದಕ್ಕೆ ಇಳಿಬಿಟ್ಟು ತೆಗೆದ ಫೋಟೊ ಆದರೆ 4:5 ಅಳತೆಗೆ ಕತ್ತರಿಸಿಕೊಳ್ಳಿ. ಅದಕ್ಕಿಂತ ಉದ್ದವಾದರೆ ಆ್ಯಪ್ ತಿರಸ್ಕರಿಸಬಹುದು.

ಇನ್ನು ದಿನಾಂಕ. ನಾವು 02/11 ಎಂದರೆ ನವೆಂಬರ್ 2, ಅಮೆರಿಕದ ಕ್ರಮದಲ್ಲಿ ಅದು ಫೆಬ್ರುವರಿ 11. ಇದನ್ನು ಪತ್ತೆಹಚ್ಚುವುದು ಸುಲಭ: 13ರಿಂದ 30ರವರೆಗಿನ ಸಾಲುಗಳು ದಿನಾಂಕವೇ ತಪ್ಪು ಎಂದು ಎರರ್ ತೋರಿಸಿ, ಮೊದಲ 12 ಸಾಲುಗಳು ಬೇರೆಬೇರೆ ತಿಂಗಳಿಗೆ ಚದುರಿದ್ದರೆ ಅಥವಾ ಕಳೆದುಹೋದ ದಿನಾಂಕ ಎಂದು ತೋರಿಸಿದರೆ ದಿನ-ತಿಂಗಳು ಅದಲುಬದಲಾಗಿವೆ ಎಂದೇ ಅರ್ಥ. ಆ ಕಾಲಂಗೆ ಮೊದಲೇ `Plain text` ಫಾರ್ಮ್ಯಾಟ್ ಕೊಟ್ಟು, ಮಾದರಿ ಫೈಲಿನಲ್ಲಿರುವ ಕ್ರಮದಲ್ಲೇ ಟೈಪ್ ಮಾಡಿ.

ಆ್ಯಪ್‌ನ ಸಮಯ ವಲಯ `Asia/Kolkata` ಆಗಿದೆಯೇ ನೋಡಿ. `UTC` ಉಳಿದಿದ್ದರೆ ಸಂಜೆ 7ರ ಪೋಸ್ಟ್ ನಡುರಾತ್ರಿ 12.30ಕ್ಕೆ ಹೋಗುತ್ತದೆ.

ಮೂವತ್ತನ್ನೂ ಒಮ್ಮೆಗೇ ಏರಿಸಬೇಡಿ. ಎರಡು ಸಾಲಿನ ಫೈಲ್ ಮಾಡಿ: ಒಂದು ಅಲ್ಪವಿರಾಮ ಇರುವ ಕನ್ನಡ ಬರಹದ್ದು, ಇನ್ನೊಂದು 13ರ ನಂತರದ ದಿನಾಂಕದ್ದು. ಕ್ಯಾಲೆಂಡರ್‌ನಲ್ಲಿ ಎರಡೂ ಚಿತ್ರಸಮೇತ ಸರಿಯಾದ ದಿನಕ್ಕೆ ಕೂತರೆ ಅವನ್ನು ಅಳಿಸಿ, ಪೂರ್ತಿ ಫೈಲ್ ಏರಿಸಿ. ಅಳಿಸದಿದ್ದರೆ ಆ ಎರಡು ದಿನ ಒಂದೇ ಪೋಸ್ಟ್ ಎರಡು ಸಲ ಹೋಗುತ್ತದೆ.