ಕೈ ಆಡದವರ ಫೋನನ್ನು ಮಾತಿನಲ್ಲೇ ನಡೆಸಿದ ಬಗೆ: ನನ್ನ ಅನುಭವ

ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯ ಮೇಲೆ ನಿಂತು ಕರಿಮೆಣಸು ಕೊಯ್ಯುವಾಗ ಬಿದ್ದು ಕುತ್ತಿಗೆಯ ಮೂಳೆ ಮುರಿದ ನನ್ನ ಭಾವನಿಗೆ ಈಗ ಬೆರಳುಗಳಲ್ಲಿ ಚಲನೆ ಇಲ್ಲ. ಆದರೂ ಅವರು ಯಾರನ್ನೂ ಕರೆಯದೆ ತಾವೇ ಫೋನ್ ಮಾಡುತ್ತಾರೆ, ವಾಟ್ಸ್ಆ್ಯಪ್ ಓದುತ್ತಾರೆ, ಮೆಣಸಿನ ದರ ನೋಡುತ್ತಾರೆ. ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ, ಅದರಲ್ಲೂ ಜುಲೈ ತಿಂಗಳ ಮಳೆಯಲ್ಲಿ ಶೀಟ್ ಹೊದಿಸಿದ ಮನೆಯೊಳಗೆ, ಇದು ನಡೆಯುವ ಮಾತಲ್ಲ ಎಂದು ವಿರಾಜಪೇಟೆಯಲ್ಲಿ ನನ್ನಂತೆಯೇ ಯುಪಿಎಸ್, ಕ್ಯಾಮೆರಾ ಕೆಲಸ ಮಾಡುವವರೂ ಹೇಳಿದ್ದರು. ಮೈಸೂರಿನ ಒಂದು ಅಂಗಡಿಯವರು ಕಣ್ಣಿನ ಚಲನೆಯಿಂದ ನಡೆಯುವ ಉಪಕರಣವೊಂದಕ್ಕೆ ಒಂದೂವರೆ ಲಕ್ಷದ ಆಸುಪಾಸು ಬೆಲೆ ಹೇಳಿದ್ದರು. ನನಗೆ ಎಲ್ಲವೂ ಸೇರಿ ಹತ್ತು ಸಾವಿರ ರೂಪಾಯಿಯ ಒಳಗೇ ಮುಗಿಯಿತು.

ನಾನು ಬಳಸಿದ್ದು ಮಾತಿನ ಆಜ್ಞೆಗಳಿಂದ ಫೋನ್ ನಡೆಸುವ ಆಂಡ್ರಾಯ್ಡ್‌ನ ಸೌಲಭ್ಯವಾದ Voice Access. ಅದನ್ನು ಹಾಕಿಕೊಳ್ಳುವ ಬಗೆಯನ್ನು ಇಲ್ಲಿ ಬಿಡುತ್ತೇನೆ. ನಾನು ಹೊಂದಿಸುವಾಗ ಅದರಲ್ಲಿ ಕನ್ನಡದ ಆಜ್ಞೆಗಳು ಇರಲಿಲ್ಲ. ಹಾಗಾಗಿ ಭಾವನಿಗೆ ಇಂಗ್ಲಿಷ್ ಕಲಿಸುವ ಬದಲು ಬೇಕಾದ ಪದಗಳನ್ನೇ ಕಡಿಮೆ ಮಾಡಿದೆ. ಅವರ ದಿನದ ಬಳಕೆ ಬಹುಪಾಲು ಇಷ್ಟರಲ್ಲೇ ನಡೆಯುತ್ತದೆ:

```
Show numbers
Tap 4
Scroll down
Go back
Go home
Show grid
```

ಮೊದಲ ಆಜ್ಞೆಗೆ ಪರದೆಯ ಮೇಲೆ ಒತ್ತಬಹುದಾದ ಪ್ರತಿಯೊಂದು ಜಾಗಕ್ಕೂ ಒಂದೊಂದು ಅಂಕಿ ಬರುತ್ತದೆ. ಆಮೇಲೆ ಗುಂಡಿಯ ಹೆಸರು ಓದಬೇಕಾಗಿಲ್ಲ, ಅಂಕಿ ಹೇಳಿದರೆ ಸಾಕು. ತೊಂದರೆ ಬಂದದ್ದು ಹದಿಮೂರು ಮತ್ತು ಮೂವತ್ತರಲ್ಲಿ. ಇಂಗ್ಲಿಷಿನಲ್ಲಿ ಈ ಎರಡರ ಕೊನೆಯ ಧ್ವನಿ ಹತ್ತಿರವಾಗಿದೆ, ಭಾವನ ಉಸಿರು ಪದದ ಕೊನೆಗೆ ಸೋಲುತ್ತದೆ. ಹೀಗಾಗಿ ಬೇಡದ ಗುಂಡಿ ಒತ್ತಲ್ಪಟ್ಟು ಯಾರಿಗೋ ಕರೆ ಹೋಗುತ್ತಿತ್ತು. ಉಚ್ಚಾರಣೆ ತಿದ್ದಲು ಕೆಲವು ವಾರ ಪ್ರಯತ್ನಿಸಿದೆವು, ಪ್ರಯೋಜನವಾಗಲಿಲ್ಲ. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ Display size ಅನ್ನು ಅತಿ ದೊಡ್ಡದಕ್ಕೆ ಇಟ್ಟು, ಮುಖಪುಟದಲ್ಲಿ ಐದಾರು ಆ್ಯಪ್‌ಗಳನ್ನು ಮಾತ್ರ ಉಳಿಸಿದೆ. ಪರದೆಯಲ್ಲಿ ಹಿಡಿಸುವ ವಸ್ತುಗಳೇ ಕಡಿಮೆಯಾದಾಗ ಅಂಕಿಗಳೂ ಕಡಿಮೆಯಾದವು. ಈಗ ಬಹುತೇಕ ಕೆಲಸ ಹನ್ನೆರಡರ ಒಳಗೇ ಮುಗಿಯುತ್ತದೆ. ಈ ಕೆಲಸದಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟ ಭಾಗ ಇದೇ, ಮತ್ತು ಬೇರೆಯವರು ಹೀಗೆ ಮಾಡಿದ್ದನ್ನು ನಾನು ಇನ್ನೂ ಕಂಡಿಲ್ಲ. ಗುಂಡಿಗೆ ಅಂಕಿಯೇ ಬರದ ಆ್ಯಪ್‌ಗಳಲ್ಲಿ ಮಾತ್ರ ಕೊನೆಯ ಆಜ್ಞೆಯಿಂದ ಪರದೆಯನ್ನು ಚೌಕಗಳಾಗಿ ಒಡೆದು, ಬೇಕಾದ ಚೌಕದ ಅಂಕಿ ಹೇಳಬೇಕಾಗುತ್ತದೆ.

ಧ್ವನಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹಣ ಹೆಚ್ಚು ಹಾಳಾದದ್ದು ಇಲ್ಲಿಯೇ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಎದೆಗೂಡಿನ ಮತ್ತು ಹೊಟ್ಟೆಯ ಸ್ನಾಯುಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಉಸಿರಾಟದ ಭಾರವೆಲ್ಲ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಾದ ವಪೆಯ ಮೇಲೆ ಬೀಳುತ್ತದೆ. ಕುಳಿತಾಗ ಹೊಟ್ಟೆ ಮುಂದಕ್ಕೆ ಜೋತು ವಪೆಗೆ ಆಸರೆ ತಪ್ಪುವುದರಿಂದ ಧ್ವನಿ ಕುಗ್ಗುತ್ತದೆ, ಮಲಗಿದಾಗ ಏರುತ್ತದೆ. ಗಾಲಿಕುರ್ಚಿಯಲ್ಲಿ ಕೂತು ಹೇಳಿದ ಆಜ್ಞೆಗಳಲ್ಲಿ ಸುಮಾರು ಅರ್ಧದಷ್ಟನ್ನು ಫೋನ್ ಹಿಡಿಯುತ್ತಿರಲಿಲ್ಲ, ಹಾಸಿಗೆಯಲ್ಲಿ ಹೇಳಿದ್ದನ್ನು ಹೆಚ್ಚುಕಡಿಮೆ ಎಲ್ಲವನ್ನೂ ಹಿಡಿಯುತ್ತಿತ್ತು. ಕಾರಣ ತಿಳಿದ ಮೇಲೆ ಫಿಸಿಯೋಥೆರಪಿಯವರನ್ನು ಕೇಳಿ ಕುರ್ಚಿಯಲ್ಲಿ ಕೂರುವಾಗ ಹೊಟ್ಟೆಗೆ ಅಗಲವಾದ ಪಟ್ಟಿ ಕಟ್ಟಲು ಆರಂಭಿಸಿದೆವು. ವ್ಯತ್ಯಾಸ ಅದೇ ದಿನ ಗೊತ್ತಾಯಿತು.

ಮಳೆಯ ಸದ್ದಿಗೆ ಮೊದಲು ಬ್ಲೂಟೂತ್ ಹೆಡ್‌ಸೆಟ್ ತಂದೆ. ಅದರಲ್ಲಿ ಹಾಡು ಕೇಳುತ್ತಿತ್ತು, ಆದರೆ ಆಜ್ಞೆಗಳನ್ನು ಫೋನ್ ತನ್ನ ಮೈಕಿನಿಂದಲೇ ತೆಗೆದುಕೊಳ್ಳುತ್ತಿತ್ತು. ಸಾವಿರದ ಇನ್ನೂರೋ ಮುನ್ನೂರೋ ರೂಪಾಯಿ ಹೋಯಿತು. ಬಳಿಕ ಅಂಗಿಗೆ ಸಿಕ್ಕಿಸುವ ವೈರ್‌ಲೆಸ್ ಮೈಕ್ ತಂದೆ. ಅದರ ರಿಸೀವರ್ ಚಾರ್ಜಿಂಗ್ ಕಿಂಡಿಯನ್ನೇ ಹಿಡಿಯುತ್ತದೆ, ಹಗಲಿರುಳು ಚಾರ್ಜಿನಲ್ಲಿರಬೇಕಾದ ಫೋನಿಗೆ ಅದು ಹೊಂದಲಿಲ್ಲ. ಕೊನೆಗೆ ದಕ್ಕಿದ್ದು ಇನ್ನೂರು ಚಿಲ್ಲರೆ ರೂಪಾಯಿಯ ತಂತಿಯ ಇಯರ್‌ಫೋನ್ ಮೈಕ್. ಅದಕ್ಕಾಗಿಯೇ 3.5 ಮಿ.ಮೀ. ಜ್ಯಾಕ್ ಇರುವ ಹಳೆಯ ಫೋನನ್ನು ಹುಡುಕಿ ಆರೂವರೆ ಸಾವಿರಕ್ಕೆ ಕೊಂಡೆ. ಮೈಕ್ ತುಟಿಯ ನೇರಕ್ಕೆ ಇದ್ದರೆ ಉಸಿರು ಬಡಿದು ಪದ ಒಡೆಯುತ್ತದೆ, ಬಾಯಿಯ ಅಂಚಿನಿಂದ ಎರಡು ಬೆರಳಿನ ಅಂತರದಲ್ಲಿ ಕೆನ್ನೆಯ ಪಕ್ಕಕ್ಕಿರಬೇಕು. ಮಗ್ಗುಲು ಬದಲಿಸಿದಾಗಲೂ ಅದು ಕದಲದಂತೆ ಹಿಡಿಯುವ ಒಂದು ಕೊಂಡಿಯನ್ನು ನಾನೇ ಮಾಡಿದ್ದೇನೆ. ಅದರ ವಿವರವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪರದೆ ಆರಿದರೆ ಅದನ್ನು ಎಬ್ಬಿಸಲು ಮತ್ತೆ ಒಬ್ಬರು ಬೇಕು. ಅದಕ್ಕೆ ಡೆವಲಪರ್ ಆಯ್ಕೆಗಳಲ್ಲಿರುವ Stay awake ಅನ್ನು ಹಾಕಿದರೆ ಚಾರ್ಜಿನಲ್ಲಿರುವಷ್ಟು ಹೊತ್ತು ಪರದೆ ಆರುವುದಿಲ್ಲ. ಒಂದೇ ಚಿತ್ರ ದಿನವಿಡೀ ನಿಂತರೆ ಅಮೊಲೆಡ್ ಪರದೆಯಲ್ಲಿ ಕಲೆ ಉಳಿಯುವುದರಿಂದ ಎಲ್‌ಸಿಡಿ ಪರದೆಯ ಫೋನನ್ನೇ ಆರಿಸಿದೆ, ಬೆಳಕನ್ನು ಕನಿಷ್ಠಕ್ಕೆ ಇಳಿಸಿದೆ. ಮಾತಿಲ್ಲದಿದ್ದರೆ ಕೇಳುವುದನ್ನು ನಿಲ್ಲಿಸುವ ಆಯ್ಕೆಯನ್ನೂ ತೆಗೆಯಬೇಕು. ತೆಗೆದ ಕೂಡಲೇ ಹೊಸ ಕಾಟ ಶುರುವಾಯಿತು: ಟಿವಿಯಲ್ಲಿ ಕ್ರಿಕೆಟ್ ಸ್ಕೋರ್ ಹೇಳಿದಾಗಲೆಲ್ಲ ಫೋನಿನಲ್ಲಿ ಆ ಅಂಕಿಯ ಗುಂಡಿ ಒತ್ತಲ್ಪಡುತ್ತಿತ್ತು. Require verbs ಎಂಬ ಆಯ್ಕೆ ಹಾಕಿದ ಮೇಲೆ ಅಂಕಿಯ ಮುಂದೆ ಟ್ಯಾಪ್ ಎಂಬ ಪದ ಇಲ್ಲದಿದ್ದರೆ ಅದು ಕದಲುವುದಿಲ್ಲ. ಭಾವನಿಗೆ ಒಂದು ಪದದ ಉಸಿರು ಹೆಚ್ಚು ಖರ್ಚಾಗುತ್ತದೆ, ಆದರೆ ಅವರೇ, "ಇರಲಿ ಬಿಡು, ಕಂಡವರಿಗೆಲ್ಲ ಕರೆ ಹೋಗುವುದಕ್ಕಿಂತ ಇದೇ ವಾಸಿ," ಎಂದರು. ಕರೆಯ ನಡುವೆಯೂ ಅದು ಕೇಳುತ್ತಿರಬೇಕೆಂದು ಇನ್ನೊಂದು ಆಯ್ಕೆ ಇದೆ. ಅದನ್ನು ಹಾಕದಿದ್ದರೆ ಕರೆಯನ್ನು ತಾವಾಗಿ ಮುಗಿಸಲು ಆಗುವುದಿಲ್ಲ.

ನೆಗಡಿಯಾಗಿ ಗಂಟಲು ಕಟ್ಟಿದ ದಿನಗಳಿಗೆಂದು ಆಂಡ್ರಾಯ್ಡ್‌ನದೇ ಇನ್ನೊಂದು ಸೌಲಭ್ಯವಾದ Switch Access ಒಳಗಿನ ಕ್ಯಾಮೆರಾ ಸ್ವಿಚ್ ಪ್ರಯತ್ನಿಸಿದೆ. ಹುಬ್ಬು ಏರಿಸುವುದು, ಬಾಯಿ ತೆರೆಯುವುದು ಮುಂತಾದ ಮುಖದ ಸನ್ನೆಗಳಿಂದ ಅದು ನಡೆಯುತ್ತದೆ. ಹಗಲಿನಲ್ಲಿ ಚೆನ್ನಾಗಿತ್ತು, ಕರೆಂಟು ಹೋಗಿ ಕೋಣೆ ಕತ್ತಲಾದರೆ ಕ್ಯಾಮೆರಾಗೆ ಮುಖವೇ ಕಾಣುವುದಿಲ್ಲ. ಈಗ ಹಾಸಿಗೆಯ ಪಕ್ಕ ಇನ್ವರ್ಟರ್‌ನಿಂದ ಒಂದು ಸಣ್ಣ ದೀಪ ಹಾಕಿದ್ದೇನೆ. ನೆಂಟರೊಬ್ಬರ ಐಫೋನಿನಲ್ಲಿ ಇದೇ ಬಗೆಯ Voice Control ಕೂಡ ನೋಡಿದೆ. 2019ರಲ್ಲಿ ಐಒಎಸ್ 13ರ ಜೊತೆ ಬಂದ ಅದರಲ್ಲಿ ನಮಗೆ ಬೇಕಾದ ಆಜ್ಞೆಯನ್ನು ನಾವೇ ರಚಿಸಬಹುದು, ಈ ವಿಷಯದಲ್ಲಿ ಅದೇ ಮೇಲು. ಬೆಲೆ ನಮ್ಮ ಕೈಗೆಟುಕಲಿಲ್ಲ.

ಕನ್ನಡದಲ್ಲಿ ಸಂದೇಶ ಬರೆಯಲು ಜಿಬೋರ್ಡ್ ಕೀಲಿಮಣೆಯ ಕನ್ನಡ ಮೈಕನ್ನು ಅಂಕಿ ಹೇಳಿಯೇ ಒತ್ತಿಸುತ್ತೇವೆ. Voice Access ಮತ್ತು ಜಿಬೋರ್ಡ್ ಎರಡೂ ಒಂದೇ ಮೈಕಿಗೆ ಕಿತ್ತಾಡದಂತೆ ಮಾಡುವ ಕ್ರಮವೊಂದಿದೆ, ಅದು ಫೋನಿನಿಂದ ಫೋನಿಗೆ ಬದಲಾಗುವುದರಿಂದ ಎದುರಿಗೆ ಕೂತೇ ತೋರಿಸಬೇಕು.

ಹಣ ಕಳಿಸುವುದನ್ನು ಮಾತ್ರ ಈ ಫೋನಿನಲ್ಲಿ ಇಟ್ಟಿಲ್ಲ. ಪಿನ್ನನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಜೊತೆಗೆ ಫೋನ್ ಆರಿ ಹೊತ್ತಿಕೊಂಡಾಗ ಯಾರೂ ಬಂದು ತೆರೆಯಬೇಕಾಗದಂತೆ ಪರದೆಯ ಬೀಗವನ್ನೇ ತೆಗೆದಿದ್ದೇನೆ. ಬ್ಯಾಂಕಿನ ಆ್ಯಪ್‌ಗಳು ಅಕ್ಕನ ಫೋನಿನಲ್ಲಿವೆ, ಬ್ಯಾಂಕಿಗೆ ಕೊಟ್ಟ ಸಿಮ್ ಕೂಡ ಅಲ್ಲೇ ಇದೆ.