ಅವ್ವನ ಹಳೆ ಕುಪ್ಪಸ, ಸ್ವೀಡನ್ನಿನ ಆರ್ಡರ್

ಗುಳೇದಗುಡ್ಡದಿಂದ ಸ್ವಲ್ಪ ದೂರದ ಹಳ್ಳಿ ನಮ್ಮದು. ಅಪ್ಪನ ಕಾಲದ ಹೊಲಿಗೆ ಅಂಗಡಿ, ಒಂದು ಕಾಲ್ತುಳಿ ಮಷಿನ್, ಒಂದು ಮೋಟಾರ್ ಮಷಿನ್. ಹೋದ ವರ್ಷ ಅಕ್ಕನ ಮಗ ರಜೆಗೆ ಬಂದವನು, "ಮಾಮಾ, ಪುಕ್ಕಟೆ ಆಗ್ತದ, ಒಂದು ವೆಬ್‌ಸೈಟ್ ಮಾಡೂಣು" ಅಂದ. ಗೂಗಲ್ ಸೈಟ್ಸ್‌ನಲ್ಲಿ ಒಂದೇ ಮಧ್ಯಾಹ್ನದಲ್ಲಿ ಮಾಡಿಯೂ ಬಿಟ್ಟ. ಬಣ್ಣಬಣ್ಣದ ಬ್ಯಾನರ್, ಅದರೊಳಗೇ ಅಂಗಡಿ ಹೆಸರು, ಬ್ಲೌಸ್ ರೇಟು, ಊರು ಎಲ್ಲ. ಕೆಳಗೆ ಜಾಗ ಖಾಲಿ ಉಳಿಯಿತು ಅಂತ ನಾನು ಅವ್ವನ ಪೆಟ್ಟಿಗೆಯಿಂದ ಒಂದು ಹಳೆ ಕುಪ್ಪಸ ತೆಗೆದು, ಹಾಸಿಗೆ ಮೇಲೆ ಹರವಿ ಫೋಟೋ ಹೊಡೆದು ಹಾಕಿದೆ. ಅದರ ಕೆಳಗೆ ನಾನೇ ಟೈಪ್ ಮಾಡಿದ್ದು ಇಷ್ಟೇ: "ಗುಳೇದಗುಡ್ಡ ಖಣದ ಗಂಟು ಕುಪ್ಪಸ, ನಮ್ಮ ಅವ್ವನದು".

ಎರಡು ತಿಂಗಳು ಒಂದು ಮೆಸೇಜೂ ಬರಲಿಲ್ಲ. ಒಂದಿನ ಸುಮ್ನೆ ನನ್ನ ಪುಟದಲ್ಲಿರೋ ವಾಟ್ಸ್ಆ್ಯಪ್ ಬಟನ್ ಒತ್ತಿ ನೋಡಿದೆ. ನಂಬರ್ ಸರಿ ಇಲ್ಲ ಅಂತ ಬಂತು! ಹುಡುಗ ಬರೀ ಹತ್ತು ಅಂಕಿ ಹಾಕಿದ್ದ. ಈ ಲಿಂಕಿಗೆ ಮುಂದೆ 91 ಬೇಕೇ ಬೇಕು, ಪ್ಲಸ್ ಗುರುತು ಬೇಡ, ಸೊನ್ನೆ ಬೇಡ, ನಡುವೆ ಜಾಗವೂ ಬೇಡ:

```
https://wa.me/91XXXXXXXXXX
```

ಅಷ್ಟು ದಿನದಲ್ಲಿ ಎಷ್ಟು ಜನ ಒತ್ತಿ ಬಿಟ್ಟು ಹೋದರೋ. ಸರಿ ಮಾಡಿ ಹತ್ತು ದಿನ ಆಗಿರಬೇಕು, ರಾತ್ರಿ ಹನ್ನೊಂದಕ್ಕೆ +46 ಇಂದ ಶುರುವಾಗೋ ನಂಬರಿನಿಂದ ಕನ್ನಡದಲ್ಲೇ ಮೆಸೇಜು. "ಅಣ್ಣಾರ, ಆ ಗಂಟು ಕುಪ್ಪಸ ಹೊಲಿದು ಕೊಡ್ತೀರೇನ್ರಿ? ಆರು ಬೇಕಾಗಿತ್ತು." ಮೋಸದವರು ಅಂದುಕೊಂಡು ಉತ್ತರ ಕೊಡದೆ ಮಲಗಿದೆ. ಬೆಳಿಗ್ಗೆ ಎದ್ದರೆ ವಾಯ್ಸ್ ಮೆಸೇಜ್ ಬಂದಿತ್ತು, ಅಚ್ಚ ನಮ್ಮ ಕಡೆ ಮಾತು. ಸ್ವೀಡನ್ನಿನ ಮಾಲ್ಮೋದಲ್ಲಿರುವ ಅಕ್ಕ, ಅಜ್ಜಿ ಊರು ಬಾದಾಮಿ ಕಡೆ. ಆರು ಜನ ಹೆಂಗಸರು ಕೂಡಿ ಕೋಲಾಟ ಮಾಡುವವರಿದ್ದರು, ಅಜ್ಜಿ ಉಡ್ತಿದ್ದಂಥ ಕುಪ್ಪಸವೇ ಬೇಕಂತೆ. "ನಾ ನಿಮಗ ಹೆಂಗ್ ಸಿಕ್ಕೆನ್ರಿ?" ಅಂತ ಕೇಳಿದೆ. "ಗಂಟು ಕುಪ್ಪಸ ಅಂತ ಕನ್ನಡದಾಗ ಹುಡುಕಿದೆ" ಅಂದರು. ಅಂದರೆ ಹುಡುಗ ಅಷ್ಟು ಕಷ್ಟಪಟ್ಟು ಮಾಡಿದ ಬ್ಯಾನರ್ ಕೆಲಸಕ್ಕೆ ಬರಲಿಲ್ಲ, ಅದರಲ್ಲಿರೋ ಅಕ್ಷರ ಎಲ್ಲ ಚಿತ್ರದೊಳಗಿನ ಅಕ್ಷರ, ಹುಡುಕಿದವರಿಗೆ ಸಿಗಲಿಲ್ಲ. ಟೈಪ್ ಮಾಡಿದ ಆ ಒಂದು ಸಾಲೇ ಅವರನ್ನು ಕರೆತಂದದ್ದು. (ಈಗ ರೇಟು, ಊರು ಎಲ್ಲವನ್ನೂ ಟೈಪ್ ಮಾಡಿ ಹಾಕಿದ್ದೇನೆ. ಬ್ಯಾನರ್ ತೆಗೆದಿಲ್ಲ, ಹುಡುಗ ಬೇಜಾರಾಗ್ತಾನೆ.)

ಹೂಂ ಅಂದುಬಿಟ್ಟೆ. ಆಮೇಲೆ ಭಯ ಆಯಿತು. ನಾನು ಈ ಮೂವತ್ತು ವರ್ಷದಲ್ಲಿ ಹೊಲಿದದ್ದೆಲ್ಲ ಟಕ್ಸ್ ಹಿಡಿದ, ಹುಕ್ಕು ಹಾಕಿದ ಬ್ಲೌಸು. ಗಂಟು ಕುಪ್ಪಸ ಅಪ್ಪ ಹೊಲಿಯೋದನ್ನು ನೋಡಿದ್ದೆ, ಕೈಯಿಂದ ಮಾಡಿರಲಿಲ್ಲ. ಅವ್ವನ ಕುಪ್ಪಸ ಬಿಚ್ಚಿ ನೋಡಬಹುದಿತ್ತು, ಆದರೆ ಅವ್ವ ಒಂದು ಹೊಲಿಗೆಯನ್ನೂ ಬಿಚ್ಚಗೊಡಲಿಲ್ಲ. ಒಳಮಗ್ಗಲು ತಿರುವಿ, ಕೆಳಗೆ ಪೇಪರ್ ಹಾಸಿ, ಒಂದೊಂದು ಹೊಲಿಗೆಯ ಗುಂಟ ಗುಂಡುಸೂಜಿ ಚುಚ್ಚಿ ಗುರುತು ಮಾಡಿಕೊಂಡೆ. ಆಗಲೇ ಎರಡು ವಿಷಯ ಗೊತ್ತಾದದ್ದು. ಮುಂದಿನ ಎರಡೂ ಬದಿ ಕೆಳಗೆ ಬಾಲದ ಹಾಗೆ ಉದ್ದ ಇರುತ್ತವೆ, ಎದೆಯ ಕೆಳಗೆ ಗಂಟು ಹಾಕೋದು ಅವನ್ನೇ. ಇನ್ನೊಂದು, ಕಂಕುಳಲ್ಲಿ ಒಂದು ಸಣ್ಣ ಚೌಕದ ತುಂಡು. ಟಕ್ಸ್ ಇಲ್ಲದ ಬಟ್ಟೆ ಅದು, ಈ ತುಂಡು ಇಲ್ಲದಿದ್ದರೆ ಕೈ ಎತ್ತಿದ ಕೂಡಲೇ ಇಡೀ ಕುಪ್ಪಸ ಮೇಲೆ ಏರುತ್ತದೆ. ಕೋಲಾಟದವರಿಗೆ ಅದೇ ಮುಖ್ಯ ಅಲ್ವಾ. ಮೊದಲು ಒಂದು ಹಳೆ ಪಂಚೆಯಲ್ಲಿ ಹೊಲಿದು, ಹೆಂಡತಿಗೆ ಹಾಕಿಸಿ, ಕೈ ಮೇಲೆತ್ತು ಅಂದೆ. ಮೊದಲನೆಯದು ಕಂಕುಳಲ್ಲೇ ಚರ್ರ್ ಅಂತು. ಚೌಕವನ್ನು ನೇರ ಎಳೆಗೆ ಕತ್ತರಿಸಿದ್ದೆ. ಓರೆಯಾಗಿ ಕತ್ತರಿಸಿ ಮತ್ತೆ ಹೊಲಿದೆ, ಹಿಗ್ಗಿ ಕೂತಿತು.

ನಿಜವಾಗಿ ತಲೆ ಕೆಡಿಸಿದ್ದು ಅಳತೆ. ಊರಲ್ಲಾದರೆ ಅಳತೆ ಬ್ಲೌಸ್ ತಂದು ಕೊಡ್ತಾರೆ, ಮುಗೀತು. ಇವರು ಆರು ಜನರ ಅಂಕಿಗಳನ್ನು ಬರೆದು ಕಳಿಸಿದರು. ಮೊದಲನೆಯವರದು: ಎದೆ 92, ಸೊಂಟ 78, ತೋಳು ಸುತ್ತ 31, ಭುಜ 13. ತೊಂಬತ್ತೆರಡು ಇಂಚು ಎದೆ ಯಾರಿಗೂ ಇರಲ್ಲ, ಸೆಂಟಿಮೀಟರ್ ಅಂತ ತಕ್ಷಣ ಗೊತ್ತಾಯಿತು. ಎರಡೂವರೆ ಸೆಂಟಿಮೀಟರಿಗಿಂತ ಒಂಚೂರು ಜಾಸ್ತಿ ಅಂದರೆ ಒಂದು ಇಂಚು, 92 ಅಂದರೆ 36 ಇಂಚು. ಆದರೆ ಭುಜ 13 ನೋಡಿ ಸುಮ್ಮನಾದೆ, ಯಾಕಂದರೆ ಹದಿಮೂರು ಇಂಚು ಭುಜ ನಾವು ದಿನಾ ಬರೆಯೋ ಅಂಕಿ. ಇದೊಂದನ್ನು ಇಂಚಲ್ಲಿ ಬರೆದಿದ್ದಾರೆ ಅಂದುಕೊಂಡೆ. ಕತ್ತರಿ ಹಿಡಿದಾಗ ಯಾಕೋ ಅನುಮಾನ ಬಂತು. 36 ಎದೆಗೆ 13 ಭುಜ ಸಣ್ಣದೇ ಅಲ್ವಾ, ನಾನು ಹದಿನಾಲ್ಕರ ಆಸುಪಾಸು ಇಡೋದು.

ಅದಕ್ಕೆ ಅಂಕಿ ಬಿಟ್ಟು ಫೋಟೋ ಕೇಳಿದೆ. ಪ್ರತಿಯೊಬ್ಬರೂ ತಮಗೆ ಸರಿಯಾಗಿ ಕೂರೋ ಒಂದು ಬ್ಲೌಸ್ ತಗೊಂಡು, ಹುಕ್ಕು ಹಾಕಿ, ಮೇಜಿನ ಮೇಲೆ ಎಳೆಯದೆ ಹರವಿ, ಟೇಪನ್ನು ಬ್ಲೌಸಿನ ಮೇಲೇ ಇಟ್ಟು, ನೇರ ಮೇಲಿಂದ ಫೋಟೋ ಹೊಡೀಬೇಕು. ಕಂಕುಳಿಂದ ಕಂಕುಳಿಗೆ ಒಂದು, ಭುಜದ ತುದಿಯಿಂದ ತುದಿಗೆ ಒಂದು, ತೋಳಿಗೆ ಒಂದು. ಓರೆ ನಿಂತು ಹೊಡೆದರೆ ಅಂಕಿ ತಪ್ಪು ಕಾಣುತ್ತೆ, ಇಬ್ಬರ ಹತ್ತಿರ ಮತ್ತೆ ಹೊಡೆಸಬೇಕಾಯಿತು. ಮೊದಲನೆಯವರ ಫೋಟೋದಲ್ಲಿ ಕಂಕುಳಿಂದ ಕಂಕುಳಿಗೆ 46, ದುಪ್ಪಟ್ಟು ಮಾಡಿದರೆ 92, ಸರಿ. ಭುಜ ತುದಿಯಿಂದ ತುದಿಗೆ 37 ಸೆಂಟಿಮೀಟರ್, ಹದಿನಾಲ್ಕೂವರೆ ಇಂಚು! ಅವರು ಬರೆದ 13 ಕತ್ತಿನಿಂದ ಒಂದು ಕಡೆಯ ಭುಜದ ತುದಿಗೆ, ಅದೂ ಸೆಂಟಿಮೀಟರಿನಲ್ಲಿ. ಹಾಗೇ ಕತ್ತರಿಸಿದ್ದರೆ ಆರೂ ಖಣ ಹಾಳು. ಆದರೂ ಧೈರ್ಯಕ್ಕೆ ಎರಡೂ ಮಗ್ಗಲಲ್ಲಿ ಒಳಗೆ ಒಂದೊಂದು ಇಂಚು ಬಟ್ಟೆ ಬಿಟ್ಟೆ, ಬಿಗಿಯಾದರೆ ಅಲ್ಲೇ ಯಾರಾದರೂ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಅಂತ.

ದುಡ್ಡಿನದು ಬೇರೆ ಕಥೆ. ನನ್ನ ಪುಟದಲ್ಲಿದ್ದದ್ದು ಬರೀ ಯುಪಿಐ ಕ್ಯೂಆರ್, ಅಲ್ಲಿನ ಬ್ಯಾಂಕಿನಿಂದ ಅದಕ್ಕೆ ಹಾಕಲು ಆಗಲಿಲ್ಲ. ಅವರ ತಂಗಿ ಹುಬ್ಬಳ್ಳಿಯಲ್ಲಿದ್ದರು, ಅವರೇ ಪೂರ್ತಿ ದುಡ್ಡು ಹಾಕಿ, ಕುಪ್ಪಸಗಳನ್ನೂ ಅವರೇ ತರಿಸಿಕೊಂಡು, ಮಾಲ್ಮೋಗೆ ಹೊರಟಿದ್ದ ನೆಂಟರ ಕೈಲಿ ಕಳಿಸಿದರು. ನಾನೇ ಹೊರದೇಶಕ್ಕೆ ಮಾರಿ ಕಳಿಸೋದಾದರೆ ರಫ್ತು ಮಾಡೋರಿಗೆ ಸರ್ಕಾರ ಕೊಡೋ ಐಇಸಿ ನಂಬರ್ ಬೇಕಂತೆ, ಆನ್‌ಲೈನಲ್ಲಿ 500 ರೂಪಾಯಿ ಶುಲ್ಕ. ಮುಂದಿನ ಆರ್ಡರ್ ಬಂದರೆ ಮಾಡಿಸೋಣ ಅಂತ ಬಿಟ್ಟಿದ್ದೆ.

ಮೂರು ವಾರಕ್ಕೆ ಫೋಟೋ ಬಂತು. ಆರೂ ಜನ ಸಾಲಾಗಿ ನಿಂತಿದ್ದಾರೆ, ಭುಜ ನೆಟ್ಟಗೆ ಕೂತಿದೆ, ತೋಳಿನ ಅಂಚು ಸರಿಯಾಗಿ ಬಂದಿದೆ. ಫೋನು ಅವ್ವನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದವಳು, "ಇದೇನೋ, ಬೂಟಿನ ದಾರ ಕಟ್ಟಿದಂಗ ಕಟ್ಟ್ಯಾರ" ಅಂದಳು. ನೋಡಿದರೆ ಹೌದು, ಆರೂ ಜನ ಚಿಟ್ಟೆ ಗಂಟು ಹಾಕಿದ್ದಾರೆ. ಅವತ್ತೇ ಸಂಜೆ ಅವ್ವನ ಕೈಗಳಷ್ಟೇ ಕಾಣೋ ಹಾಗೆ ಗಂಟು ಹಾಕೋ ವಿಡಿಯೋ ತೆಗೆದು ಕಳಿಸಿದೆ, ನಮ್ಮ ಪುಟದಲ್ಲೂ ಹಾಕಿದೆ.

ಮರುದಿನ ಉತ್ತರ ಬಂತು. "ಅಣ್ಣಾರ, ಇನ್ನೂ ನಾಲ್ಕು ಬೇಕ್ರಿ. ಆದ್ರ ಕುಣಿಯುವಾಗ ಬಿಚ್ಚತೈತಿ, ಗಂಟಿನ ಒಳಗ ಒಂದು ಟಿಚ್‌ಬಟನ್ ಹಾಕಿ ಕೊಡ್ರಿ." ಅವ್ವನಿಗೆ ಇನ್ನೂ ಹೇಳಿಲ್ಲ.